ಗುಬ್ಬಕ್ಕ ಮರಿಯನ್ನು ಉಂಡಳೇ?

ಮಕ್ಕಳೇ, ಕಾಗಕ್ಕ ಗುಬ್ಬಕ್ಕನ ಕತೆ ನಿಮಗೆಲ್ಲ ಗೊತ್ತಲ್ಲ? ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆಗೆ ಕಾಗಕ್ಕನ ಮನೆ ಕರಗಿ ಹೋಯಿತು. ಅವಳು ನೆನೆಯುತ್ತ ಬಂದು ಗುಬ್ಬಕ್ಕನ ಬಾಗಿಲು ತಟ್ಟಿದಳು. ಗುಬ್ಬಕ್ಕನೋ, ಪ್ರತಿ ಸಲವೂ ಒಂದೊಂದು ನೆಪ ಹೇಳಿದಳು. ಮಗುವಿಗೆ ನೀರು ಹಾಕುತ್ತಿದ್ದೇನೆ ಅಂದಳು, ಮೈ ಒರೆಸುತ್ತಿದ್ದೇನೆ ಅಂದಳು, ಅಂಗಿ ತೊಡಿಸುತ್ತಿದ್ದೇನೆ ಅಂದಳು.

ಮೈಸೂರಿನ ನಮ್ಮ ಮನೆಯ ಜಗುಲಿಯಲ್ಲಿ ಭಾನುವಾರ ಸಂಜೆ ಕತೆಗೆ ಕೂರುವ ಆರು ಮಕ್ಕಳಿಗೆ ನಾನು ಮೊದಲು ಹೇಳಿದ್ದು ಇದೇ ಕತೆ. ಅವರೆಲ್ಲ ಇಂಗ್ಲಿಷ್ ಮಾಧ್ಯಮದವರು. ಕನ್ನಡ ಅರ್ಥವಾಗುತ್ತದೆ, ಆದರೆ ಎಲ್ಲದಕ್ಕೂ ಒಂದೇ ಮಾತು: ‘ಹಾಕು’. ಸೀರೆ ಹಾಕು, ಹೂವು ಹಾಕು, ಕಂಬಳಿ ಹಾಕು! ಸೀರೆ ಉಡುವುದು, ಅಂಗಿ ತೊಡುವುದು, ಹೂ ಮುಡಿಯುವುದು, ಕಂಬಳಿ ಹೊದೆಯುವುದು ಎಂಬ ಚೆಂದದ ಮಾತುಗಳು ಅವರ ಬಾಯಲ್ಲಿ ಇರಲೇ ಇಲ್ಲ. ಇಂಗ್ಲಿಷಿನಲ್ಲಿ ಸೀರೆಗೂ ಅಂಗಿಗೂ ಹೂವಿಗೂ ‘ವೇರ್’ ಒಂದೇ ಸಾಕು. ಆ ಅಭ್ಯಾಸವೇ ಕನ್ನಡಕ್ಕೂ ಬಂದುಬಿಟ್ಟಿತ್ತು.

ಗುಬ್ಬಕ್ಕನ ನೆಪಗಳೆಲ್ಲ ಮಗುವಿಗೆ ಮಾಡುವ ಕೆಲಸಗಳು. ಅದಕ್ಕೇ ಆರು ಮಾತುಗಳನ್ನು ಮಾತ್ರ ಆರಿಸಿಕೊಂಡೆ: ಒರೆಸು, ತೊಡಿಸು, ಮುಡಿಸು, ಉಣಿಸು, ಹೊದಿಸು, ಮಲಗಿಸು. ಒಂದು ಬುಟ್ಟಿಯಲ್ಲಿ ಗೊಂಬೆ, ಅದರ ಅಂಗಿ, ಟವೆಲ್ಲು, ಮಲ್ಲಿಗೆ ದಂಡೆ, ಬಟ್ಟಲು, ಚಮಚ, ಹಳೆಯ ಶಾಲು ಇಟ್ಟುಕೊಂಡೆ. ಮೊದಲ ಭಾನುವಾರ ಪೂರ್ತಿ ಕನ್ನಡದಲ್ಲೇ ಕತೆ. ಒಂದೊಂದು ಮಾತು ಬಂದಾಗಲೂ ಗೊಂಬೆಗೆ ಹಾಗೆಯೇ ಮಾಡಿ ತೋರಿಸಿದೆ. ಪ್ರತಿ ವಾಕ್ಯವನ್ನೂ ಇಂಗ್ಲಿಷಿನಲ್ಲಿ ತಿರುಗಿ ಹೇಳಲು ಹೋಗಲಿಲ್ಲ. ಹಿಂದೆ ಹಾಗೆ ಮಾಡಿ ನೋಡಿದ್ದೆ. ಇಂಗ್ಲಿಷ್ ಹೇಗೂ ಬರುತ್ತದೆ ಅಂತ ಮಕ್ಕಳು ಕನ್ನಡಕ್ಕೆ ಕಿವಿ ಕೊಡುವುದನ್ನೇ ಬಿಟ್ಟಿದ್ದರು.

ಎರಡನೆಯ ಭಾನುವಾರ ಬುಟ್ಟಿ ಮಕ್ಕಳ ಕೈಗೆ. ಒಬ್ಬರು ಕಾಗಕ್ಕ. ಅವರು ನೆಲ ತಟ್ಟಿ ಬಾಗಿಲು ತೆಗೆಯಲು ಕೇಳಬೇಕು. ಉಳಿದವರು ಸರದಿಯಂತೆ ಗುಬ್ಬಕ್ಕ ಆಗಿ ಬುಟ್ಟಿಯಿಂದ ಒಂದು ವಸ್ತು ತೆಗೆದು ಅದಕ್ಕೆ ಹೊಂದುವ ನೆಪ ಹೇಳಬೇಕು. ಇಲ್ಲೇ ನಾನು ಎಡವಿದ್ದು.

ನನ್ನ ಮೊಮ್ಮಗಳು ಪುಟ್ಟಿಗೆ ಏಳು ವರ್ಷ. ಅವಳು ಹೈದರಾಬಾದಿನಿಂದ ಇಲ್ಲಿಗೆ ಬಂದು ಎರಡೇ ತಿಂಗಳಾಗಿತ್ತು. ಬಟ್ಟಲು, ಚಮಚ ಹಿಡಿದು ಉತ್ಸಾಹದಿಂದ ಕೂಗಿದಳು: “ಗುಬ್ಬಕ್ಕ ಮರೀನ ಉಂಡಳು!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸಾಲದ್ದಕ್ಕೆ, “ಉಂಡಳು ಅಲ್ಲ, ಉಣಿಸಿದಳು. ಎಲ್ಲಿ, ಮೂರು ಸಲ ಹೇಳು” ಅಂದೆ. ಅವಳು ಹೇಳಿದಳು. ಆಮೇಲೆ ಬಟ್ಟಲು ಕೆಳಗಿಟ್ಟು ಕಂಬದ ಹಿಂದೆ ಹೋಗಿ ಕೂತಳು. ಆ ವಾರವೆಲ್ಲ ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದಳು. ‘ಅಜ್ಜಿ’ ಎಂಬುದೊಂದೇ ಕನ್ನಡ ಉಳಿದದ್ದು. ಹೊಸ ಮಾತು ಕಲಿಸಲು ಹೋಗಿ ಇದ್ದ ಮಾತನ್ನೂ ಕಳೆದೆನಲ್ಲ ಅಂತ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯ ಭಾನುವಾರ ಅದೇ ಕತೆ, ಇಂಗ್ಲಿಷಿನಲ್ಲಿ. ಕತೆ ಆಗಲೇ ಗೊತ್ತು, ಗೊಂಬೆಯ ಕೆಲಸವೂ ಗೊತ್ತು. ಈಗ ಅದಕ್ಕೆ ಇಂಗ್ಲಿಷ್ ಹೆಸರು ಹುಡುಕುವುದಷ್ಟೇ. ಹುಡುಕಬೇಕಾದವರು ಮಕ್ಕಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ನನ್ನ ಸರದಿ ಬಂದಾಗ ಚಮಚ ಹಿಡಿದು ಧೈರ್ಯ ಮಾಡಿದೆ: “ಸ್ಪ್ಯಾರೋ ಈಸ್ ಈಟಿಂಗ್ ದಿ ಬೇಬಿ.”

ಕಂಬದ ಹಿಂದಿನಿಂದ ಕಿಸಕ್ಕನೆ ನಗು ಕೇಳಿತು. “ಅಜ್ಜಿ! ಈಟಿಂಗ್ ಅಲ್ಲ, ಫೀಡಿಂಗ್! ನೀವೂ ಮರೀನ ತಿಂದುಬಿಟ್ರಿ!” ಅನ್ನುತ್ತ ಪುಟ್ಟಿ ಎದ್ದು ಬಂದಳು.

ನಾನು ಬೇಕೆಂದು ತಪ್ಪಿದ್ದಲ್ಲ ಮಕ್ಕಳೇ, ನಿಜವಾಗಿಯೂ ತಪ್ಪಿದ್ದು. ಆದರೆ ನನ್ನ ತಪ್ಪೂ ಅವಳ ತಪ್ಪೂ ಒಂದೇ ಜಾಗದಲ್ಲಿ ಹುಟ್ಟಿದ್ದವು. ಕನ್ನಡದಲ್ಲಿ ನಾನೇ ಮಾಡಿದರೆ ‘ಉಣ್ಣು’, ಇನ್ನೊಬ್ಬರಿಗೆ ಮಾಡಿಸಿದರೆ ‘ಉಣಿಸು’. ತೊಡು, ತೊಡಿಸು. ಹೊದೆ, ಹೊದಿಸು. ಮಲಗು, ಮಲಗಿಸು. ಕೊನೆಗೆ ‘ಇಸು’ ಸೇರಿದರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಅಂಥ ಬಾಲವಿಲ್ಲ, ಹಲವು ಕಡೆ ಮಾತೇ ಬದಲಾಗುತ್ತದೆ. ‘ಈಟ್’ ಹೋಗಿ ‘ಫೀಡ್’ ಆಗುತ್ತದೆ. ಪುಟ್ಟಿ ಕನ್ನಡದ ಬಾಲ ಮರೆತಿದ್ದಳು, ನಾನು ಇಂಗ್ಲಿಷಿನಲ್ಲಿ ಮಾತು ಬದಲಿಸುವುದನ್ನು ಮರೆತಿದ್ದೆ. ಅದನ್ನೇ ಅವಳಿಗೆ ಹೇಳಿದೆ. “ಹಂಗಾದ್ರೆ ನಿಮಗೂ ಕಷ್ಟಾನಾ ಅಜ್ಜಿ?” ಅಂದಳು. ಹೌದು ಅಂದೆ.

ಅಂದಿನಿಂದ ನಮ್ಮಲ್ಲಿ ಒಂದು ಹೊಸ ಆಟ ಸೇರಿತು. ಮಗು ಮೊದಲು ತನಗೇ ಮಾಡಿಕೊಳ್ಳಬೇಕು, ಆಮೇಲೆ ಗೊಂಬೆಗೆ ಮಾಡಬೇಕು. “ನಾನು ಶಾಲು ಹೊದ್ದೆ, ಗೊಂಬೆಗೆ ಹೊದಿಸಿದೆ.” “ನಾನು ಹೂ ಮುಡಿದೆ, ಗೊಂಬೆಗೆ ಮುಡಿಸಿದೆ.” ‘ಹೊದ್ದೆ’ ಅನ್ನುವುದಕ್ಕೆ ‘ಹೊದೆದೆ’ ಅಂತಲೂ ‘ತೊಟ್ಟೆ’ ಅನ್ನುವುದಕ್ಕೆ ‘ತೊಡಿದೆ’ ಅಂತಲೂ ಮಕ್ಕಳು ಹೇಳುತ್ತಾರೆ. ಆಗ ನಾನು ‘ತಪ್ಪು’ ಅನ್ನುವುದಿಲ್ಲ. “ಓಹೋ, ಶಾಲು ಹೊದ್ದೆಯಾ? ಬೆಚ್ಚಗಿದೆಯಾ?” ಎಂದು ಸರಿಯಾದ ಮಾತನ್ನು ನನ್ನ ಉತ್ತರದಲ್ಲಿ ಸೇರಿಸಿ ಮುಂದೆ ಹೋಗುತ್ತೇನೆ. ನಾಲ್ಕೈದು ಸಲ ಕಿವಿಗೆ ಬಿದ್ದರೆ ಬಾಯಿಗೂ ಬರುತ್ತದೆ. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನನ್ನ ಮಾತು ಕನ್ನಡದಲ್ಲೇ ಮುಂದುವರಿಯುತ್ತದೆ.

ಅಜ್ಜ ಅಜ್ಜಿಯರೇ, ಇಲ್ಲಿ ಒಂದು ಎಚ್ಚರ ಬೇಕು. ಒಂದೇ ಕತೆಯನ್ನು ಮತ್ತೆ ಮತ್ತೆ ಹೇಳಿದಾಗ ಮಕ್ಕಳು ಗಿಳಿಪಾಠ ಒಪ್ಪಿಸುವುದುಂಟು. ಎದುರು ಮನೆಯ ಹುಡುಗ ಆರೂ ನೆಪಗಳನ್ನು ಪಟಪಟನೆ ಹೇಳುತ್ತಿದ್ದ. ನಾಲ್ಕನೆಯ ಭಾನುವಾರ ನಾನು ಕತೆಯನ್ನೇ ಹೇಳದೆ, ಗೊಂಬೆಯ ಮೇಲೆ ಶಾಲು ಎಳೆದು, “ಈಗ ನಾನೇನು ಮಾಡಿದೆ?” ಅಂದೆ. ಅವನು ಒಂದು ಗಳಿಗೆ ಯೋಚಿಸಿ, “ಹಾಕಿದ್ರಿ” ಅಂದ! ಸರದಿ ತಪ್ಪಿದಾಗ ಮಾತು ಸಿಗದಿದ್ದರೆ ಅದಿನ್ನೂ ಮಗುವಿನ ಸ್ವಂತದ್ದಾಗಿಲ್ಲ ಎಂದು ತಿಳಿಯಬೇಕು. ನನ್ನ ಲೆಕ್ಕದಲ್ಲಿ, ಆರರಲ್ಲಿ ನಾಲ್ಕು ಮಾತು ಹೀಗೆ ತಾನಾಗಿ ಬಂದರೆ ಹೊಸ ಕತೆ ಶುರು ಮಾಡಬಹುದು. ಬರದಿದ್ದರೆ ಆ ಮಾತುಗಳನ್ನೇ ಬೇರೆ ಕತೆಯೊಳಗೆ ತರುತ್ತೇನೆ. ಚಳಿಯಲ್ಲಿ ನಡುಗುವ ಕರಡಿಮರಿಗೂ ಯಾರಾದರೂ ಹೊದಿಸಬೇಕಲ್ಲ!

ಭಾನುವಾರ ಅರ್ಧ ಗಂಟೆ ಮಾತ್ರ ಇದು ನಡೆಯುವುದು. ಉಳಿದ ಆರು ದಿನ ಮನೆಯಲ್ಲಿ ಆ ಮಾತು ಕಿವಿಗೆ ಬೀಳದಿದ್ದರೆ ಮತ್ತೆ ‘ಹಾಕು’ ಬಂದುಬಿಡುತ್ತದೆ. ಅದಕ್ಕೆ ಆರೂ ಮಾತುಗಳನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಲಿ ಮನೆಗೆ ಕಳಿಸುತ್ತೇನೆ.

ಮೊನ್ನೆ ಮಧ್ಯಾಹ್ನ ಸೋಫಾದ ಮೇಲೆ ಹಾಗೇ ಕಣ್ಣು ಮುಚ್ಚಿದ್ದೆ. ಹೊರಗೆ ಮಳೆ ಹನಿಯುತ್ತಿತ್ತು. ಯಾರೋ ಕಾಲಿನ ಮೇಲೆ ಶಾಲು ಎಳೆದ ಹಾಗಾಯಿತು. ಪುಟ್ಟಿ ಅವರಪ್ಪನಿಗೆ ಪಿಸುಮಾತಿನಲ್ಲಿ ಹೇಳುತ್ತಿದ್ದಳು: “ಶ್! ಅಜ್ಜಿಗೆ ಹೊದಿಸಿದೀನಿ.”

ನಾನು ಕಣ್ಣು ತೆರೆಯಲಿಲ್ಲ.