ಎರಡು ತಿಂಗಳ ಗಡುವು

ಹಡಗಿನ ನೌಕರ ಸಂಬಳ ಕೇಳಿ ಬರೆದರೆ ಮುಂಬಯಿಯ ಏಜೆನ್ಸಿಗಳಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: 'ನಾವು ಮಧ್ಯವರ್ತಿಗಳು, ಮಾಲೀಕರು ಹಣ ಕಳಿಸಿದ ಕೂಡಲೇ ಹಾಕುತ್ತೇವೆ, ಸ್ವಲ್ಪ ತಾಳಿ.' ನೌಕರ ತಾಳುತ್ತಾನೆ. ಮುಂದಿನ ಕೆಲಸವೂ ಅದೇ ಏಜೆನ್ಸಿಯಿಂದಲೇ ಬರಬೇಕಲ್ಲ. ಆದರೆ ಈ ತಾಳ್ಮೆ ಅವನಿಗೇ ನಷ್ಟ ತರುತ್ತದೆ.

ಭಾರತ 2015ರಲ್ಲಿ ಒಪ್ಪಿಕೊಂಡ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಎರಡು ತಿಂಗಳ ಸಂಬಳ ಬಾರದಿದ್ದರೆ ಮಾಲೀಕ ನೌಕರನನ್ನು ಕೈಬಿಟ್ಟ ಹಾಗೆಯೇ ಲೆಕ್ಕ. ಹಾಗೆ ಕೈಬಿಟ್ಟಾಗ ನೆರವಾಗುವ ವಿಮೆ 2017ರಿಂದ ಕಡ್ಡಾಯ. ಅದು ಊಟ, ಊರಿಗೆ ಮರಳುವ ಖರ್ಚು, ಬಾಕಿ ಸಂಬಳ ಎಲ್ಲವನ್ನೂ ಕೊಡುತ್ತದೆ. ಸಂಬಳ ಮಾತ್ರ ನಾಲ್ಕು ತಿಂಗಳದ್ದಷ್ಟೇ. ಐದನೆಯ ತಿಂಗಳದ್ದನ್ನು ಮಾಲೀಕನಿಂದಲೇ ವಸೂಲು ಮಾಡಬೇಕು. ಆ ಹೊತ್ತಿಗೆ ಅವನು ದಿವಾಳಿಯಾಗಿರುವ ಸಂಭವವೇ ಹೆಚ್ಚು.

ಮಧ್ಯವರ್ತಿ ಎಂಬ ನೆಪವೂ ಪೂರ್ತಿ ನಿಲ್ಲುವುದಿಲ್ಲ. ಮಾಲೀಕ ಮಾತು ತಪ್ಪಿದರೆ ನೌಕರನಿಗಾಗುವ ಹಣದ ನಷ್ಟ ತುಂಬಲು ಏಜೆನ್ಸಿಯೂ ವಿಮೆಯನ್ನೋ ಅಂಥದೇ ಬೇರೆ ವ್ಯವಸ್ಥೆಯನ್ನೋ ಇಟ್ಟಿರಬೇಕೆಂದು ಅದೇ ಒಪ್ಪಂದ ಹೇಳುತ್ತದೆ.

ಆದ್ದರಿಂದ ಪತ್ರದಲ್ಲಿ 'ದಯವಿಟ್ಟು', 'ಮನೆಯಲ್ಲಿ ಕಷ್ಟ' ಇವುಗಳಿಗಿಂತ ತಾರೀಕು ಮುಖ್ಯ. ಒಬ್ಬ ಆಯಿಲರ್ ಜನವರಿ 5ಕ್ಕೆ ಹಡಗು ಹತ್ತಿದ, ಆರು ತಿಂಗಳ ಕರಾರು, ತಿಂಗಳಿಗೆ 500 ಡಾಲರ್ ಎಂದಿಟ್ಟುಕೊಳ್ಳೋಣ. ಅವನು ಬರೆಯಬೇಕಾದದ್ದು ಹೀಗೆ: 'ಏಪ್ರಿಲ್‌ವರೆಗಿನ ಸಂಬಳ ಬಂದಿದೆ. ಮೇ ಮತ್ತು ಜೂನ್‌ನ 1000 ಡಾಲರ್ ಬಾಕಿ. ಕರಾರು ಜುಲೈ 5ಕ್ಕೆ ಮುಗಿದಿದೆ, ಬದಲಿ ನೌಕರ ಬಂದಿಲ್ಲ, ನಾನು ಇಂಥ ಬಂದರಿನಲ್ಲಿ ಹಡಗಿನಲ್ಲೇ ಇದ್ದೇನೆ. ಎರಡು ತಿಂಗಳ ಸಂಬಳ ನಿಂತಿರುವುದರಿಂದ ನನ್ನನ್ನು ಕೈಬಿಟ್ಟಂತಾಗಿದೆ.' ಹಡಗಿನ ಹೆಸರು, ಐಎಂಒ ಸಂಖ್ಯೆ, ಕರಾರಿನ ಪ್ರತಿ ಜೊತೆಗಿರಬೇಕು. ಪತ್ರದ ನಕಲು ಕಾಂಜೂರ್‌ಮಾರ್ಗ್‌ನ ನೌಕಾಯಾನ ಮಹಾನಿರ್ದೇಶನಾಲಯಕ್ಕೂ ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಅಲ್ಲಿಗೂ ಹೋಗಬೇಕು. ನಕಲು ಬೇರೆ ಕಡೆಗೂ ಹೋಗಿದೆ ಎಂದು ಗೊತ್ತಾದಾಗ ಏಜೆನ್ಸಿಯ ದನಿ ಬದಲಾಗುವುದುಂಟು.

ಇಷ್ಟು ಮಾಡಿದರೂ ಹಣ ಬೇಗ ಬರುತ್ತದೆಂದಲ್ಲ. ಮುಂಬಯಿಯ ಜಿಒಎಲ್ ಆಫ್‌ಶೋರ್ ಕಂಪನಿಯ 'ಮಾಳವೀಯ ಸೆವೆನ್' 2016ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಬಂದರಿನಲ್ಲಿ ಸಿಕ್ಕಿಕೊಂಡಾಗ ಅದರ ಭಾರತೀಯ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಹಡಗು ಮಾರಲು ನ್ಯಾಯಾಲಯ ಒಪ್ಪಿದ್ದು 2017ರಲ್ಲಿ. ಅಲ್ಲಿಯವರೆಗೆ ಹಲವರು ಹಡಗಿನಲ್ಲೇ ಉಳಿದರು. ಇಳಿದು ಹೋದರೆ ಹಣ ಕೈತಪ್ಪೀತೆಂಬ ಅಂಜಿಕೆ ಇಂಥ ಹಡಗುಗಳಲ್ಲೆಲ್ಲ ಇರುವಂಥದ್ದೇ.

ಈ ಅಂಜಿಕೆಯನ್ನು ಬಳಸಿಕೊಳ್ಳುವವರೂ ಇದ್ದಾರೆ. ವಿಮಾನದ ಟಿಕೆಟ್ ಕೊಡುವ ಮುನ್ನ 'ಪೂರ್ತಿ ಲೆಕ್ಕ ಚುಕ್ತಾ' ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಊರಿಗೆ ಕಳಿಸುವುದಕ್ಕೂ ಸಂಬಳ ಬಿಟ್ಟುಕೊಡುವುದಕ್ಕೂ ಸಂಬಂಧವೇ ಇಲ್ಲ. ಸಹಿ ಹಾಕದೆ ಗತಿಯೇ ಇಲ್ಲವೆಂದಾದರೆ, ಸಹಿಯ ಮೇಲೆ ಬಾಕಿ ಮೊತ್ತವನ್ನೂ 'ಈ ಹಕ್ಕು ಬಿಟ್ಟುಕೊಟ್ಟಿಲ್ಲ' ಎಂಬ ಸಾಲನ್ನೂ ಕೈಯಾರೆ ಬರೆದು, ಫೋಟೋ ತೆಗೆದು ಅದೇ ದಿನ ಮನೆಗೆ ಕಳಿಸಬೇಕು.