ಹಾಡು, ವಿಡಿಯೊ ತುಂಬಿಡಲು ಮೊಬೈಲ್‌ನಲ್ಲಿ ಮೆಮೊರಿ ಕಾರ್ಡ್ ಸ್ಲಾಟ್ ಇನ್ನೂ ಬೇಕೇ?

ಮೊಬೈಲ್ ಅಂಗಡಿಗೆ ಹೋಗಿ "ಇದಕ್ಕೆ ಮೆಮೊರಿ ಕಾರ್ಡ್ ಹಾಕಬಹುದಾ?" ಎಂದು ಕೇಳಿದರೆ ಈಗ ಎರಡು ಬಗೆಯ ಉತ್ತರ ಸಿಗುತ್ತದೆ. "ಈಗೆಲ್ಲ ಯಾರು ಸಾರ್ ಕಾರ್ಡ್ ಹಾಕ್ತಾರೆ, 128 ಜಿಬಿ ಇದೆಯಲ್ಲ" ಎನ್ನುವುದು ಒಂದು. "1 ಟಿಬಿ ಕಾರ್ಡ್ ಹಾಕಬಹುದು, ಇನ್ನು ಜಾಗದ ಚಿಂತೆಯೇ ಇಲ್ಲ" ಎನ್ನುವುದು ಇನ್ನೊಂದು. ಎರಡೂ ಅರ್ಧ ನಿಜ. ಕಾರ್ಡ್ ಸ್ಲಾಟ್ ಬೇಕೋ ಬೇಡವೋ ಎಂಬುದು ನಮ್ಮ ಬಳಿ ಎಷ್ಟು ಫೈಲುಗಳಿವೆ ಎನ್ನುವುದಕ್ಕಿಂತ, ಅವು ಎಂಥ ಫೈಲುಗಳು ಎನ್ನುವುದರ ಮೇಲೆ ನಿಂತಿದೆ.

ಮೊದಲು ಜಾಗದ ಲೆಕ್ಕ

128 ಜಿಬಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಅಷ್ಟೂ ನಮ್ಮ ಕೈಗೆ ಬರುವುದಿಲ್ಲ. ಆಂಡ್ರಾಯ್ಡ್ ಮತ್ತು ಕಂಪನಿಯೇ ಹಾಕಿಕೊಟ್ಟ ಆ್ಯಪ್‌ಗಳು ಒಂದಷ್ಟು ಜಾಗ ಹಿಡಿಯುತ್ತವೆ. ನಮಗೆ ಉಳಿಯುವುದು 100 ಜಿಬಿ ಆಸುಪಾಸು ಎಂದು ಇಟ್ಟುಕೊಳ್ಳೋಣ.

ಈಗ ಒಬ್ಬರ ಉದಾಹರಣೆ ನೋಡೋಣ. ಅವರ ಬಳಿ 2,000 ಹಾಡುಗಳಿವೆ. ಸಾಮಾನ್ಯ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಸುಮಾರು 1 ಎಂಬಿ ಹಿಡಿಯುತ್ತದೆ. ಐದೈದು ನಿಮಿಷದ 2,000 ಹಾಡುಗಳಿಗೆ ಬೇಕಾಗುವುದು 10 ಜಿಬಿ ಮಾತ್ರ. ಒಂದೂವರೆ ಜಿಬಿಯ 40 ಸಿನಿಮಾಗಳಿದ್ದರೆ ಅದು 60 ಜಿಬಿ. ಇದರ ಜೊತೆಗೆ ಅವರು ಮಗಳ ನೃತ್ಯವನ್ನೋ ಊರಿನ ಯಕ್ಷಗಾನವನ್ನೋ ತಿಂಗಳಿಗೆ ಒಂದು ಗಂಟೆಯಷ್ಟು ಚಿತ್ರೀಕರಿಸುತ್ತಾರೆ. 1080p ವಿಡಿಯೊ ಬಹಳಷ್ಟು ಫೋನ್‌ಗಳಲ್ಲಿ ಗಂಟೆಗೆ ಸುಮಾರು 8 ಜಿಬಿ ಆಗುತ್ತದೆ. ಅಂದರೆ ವರ್ಷಕ್ಕೆ 96 ಜಿಬಿ. 4K ಆದರೆ ಇದು ಎರಡು ಪಟ್ಟಿಗಿಂತ ಹೆಚ್ಚು.

ಮೂರನ್ನೂ ಕೂಡಿದರೆ ಒಂದು ವರ್ಷಕ್ಕೆ 166 ಜಿಬಿ. 128 ಜಿಬಿ ಫೋನ್‌ನಲ್ಲಿ ಇದು ಹಿಡಿಸುವುದಿಲ್ಲ. ಎರಡನೇ ವರ್ಷ ಮುಗಿಯುವ ಹೊತ್ತಿಗೆ 262 ಜಿಬಿ ಆಗುತ್ತದೆ, ಆಗ 256 ಜಿಬಿ ಫೋನ್ ಸಹ ಸಾಲದು. ಹಾಡುಗಳಿಂದ ಫೋನ್ ತುಂಬುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ, ಆದರೆ ನಿಜವಾಗಿ ಬೆಳೆಯುತ್ತಾ ಹೋಗುವುದು ನಾವೇ ತೆಗೆದ ವಿಡಿಯೊ. ಫೋನಿನ ಒಳಗಿನ ಜಾಗವನ್ನು ಕೊಂಡ ಮೇಲೆ ಹೆಚ್ಚಿಸಲು ಬರುವುದಿಲ್ಲ. ಕಾರ್ಡ್ ತುಂಬಿದರೆ ತೆಗೆದಿಟ್ಟು ಇನ್ನೊಂದನ್ನು ಹಾಕಬಹುದು. ಇಂಥವರಿಗೆ ಸ್ಲಾಟ್ ಇಂದಿಗೂ ಉಪಯುಕ್ತ.

ಕಾರ್ಡ್ ನಿಧಾನವಲ್ಲವೇ?

ನಿಧಾನವೇ. ಫೋನ್‌ಗಳಲ್ಲಿ ಬಳಸುವ ಮೈಕ್ರೊ ಎಸ್‌ಡಿ ಕಾರ್ಡ್ ಸಾಮಾನ್ಯವಾಗಿ ಸೆಕೆಂಡಿಗೆ 100 ಎಂಬಿ ಸುತ್ತಮುತ್ತ ಓದಬಲ್ಲದು. ಫೋನಿನೊಳಗಿನ ಯುಎಫ್‌ಎಸ್ ಎಂಬ ಸಂಗ್ರಹ ಚಿಪ್ ಅದರ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು ವೇಗವಾಗಿ ಓದುತ್ತದೆ. ಆದರೆ ಆ ವೇಗ ಬೇಕಾಗುವುದು ಆ್ಯಪ್‌ಗಳಿಗೆ. ಆ್ಯಪ್ ತೆರೆದಾಗ ನೂರಾರು ಸಣ್ಣ ಫೈಲುಗಳನ್ನು ಒಮ್ಮೆಗೇ ಓದಬೇಕು, ಬರೆಯಬೇಕು. ಅದನ್ನು ಕಾರ್ಡ್‌ನಲ್ಲಿಟ್ಟರೆ ಫೋನ್ ತಡವರಿಸುತ್ತದೆ.

ಸಿನಿಮಾ ನೋಡುವಾಗ ಹಾಗಲ್ಲ. ಒಂದೇ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದಿದರೆ ಆಯಿತು. ಫೋನ್‌ನಲ್ಲಿ ತೆಗೆದ 4K ವಿಡಿಯೊಗೂ ಸೆಕೆಂಡಿಗೆ 6 ಎಂಬಿ ಆಸುಪಾಸು ಸಾಕಾಗುತ್ತದೆ. ಹಾಗಾಗಿ ಕಾರ್ಡ್‌ನಿಂದ ನೋಡಿದ ಸಿನಿಮಾ ತಡೆತಡೆದು ಓಡುತ್ತದೆ ಎಂಬ ಭಯ ಬೇಡ. ನೇರವಾಗಿ ಕಾರ್ಡ್‌ಗೇ ಚಿತ್ರೀಕರಿಸುವುದಿದ್ದರೆ ಮಾತ್ರ ಅದರ ಮೇಲೆ V30 ಎಂಬ ಗುರುತು ಇದೆಯೇ ನೋಡಿ. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯಬಲ್ಲದು ಎಂದು ಅದರರ್ಥ.

ಕಾರ್ಡ್ ಇದ್ದರೂ ಜಾಗ ಸಿಗದಿರುವುದು ಏಕೆ?

"64 ಜಿಬಿ ಕಾರ್ಡ್ ಹಾಕಿದ್ದೇನೆ, ಆದರೂ ಫೋನ್ ಜಾಗವಿಲ್ಲ ಎನ್ನುತ್ತದೆ" ಎಂಬ ದೂರು ಸಾಮಾನ್ಯ. ಇಲ್ಲಿ ಕಾರ್ಡ್‌ನ ತಪ್ಪಿಲ್ಲ. ಆ್ಯಪ್‌ಗಳೂ ಅವುಗಳ ಮಾಹಿತಿಯೂ ಫೋನಿನ ಒಳಗೇ ಕೂರುತ್ತವೆ. ವಾಟ್ಸ್‌ಆ್ಯಪ್‌ಗೆ ಬರುವ ಫೋಟೊ, ವಿಡಿಯೊಗಳೂ ಒಳಗಿನ ಜಾಗದಲ್ಲೇ ಉಳಿಯುತ್ತವೆ. ಅವನ್ನು ಕೈಯಾರೆ ಕಾರ್ಡ್‌ಗೆ ಸಾಗಿಸಬಹುದು, ಆದರೆ ಆಮೇಲೆ ಚಾಟ್‌ನಲ್ಲಿ ಅವು ತೆರೆಯುವುದಿಲ್ಲ.

ಒಟಿಟಿ ಮತ್ತು ಹಾಡಿನ ಆ್ಯಪ್‌ಗಳಲ್ಲಿ ಮಾಡಿದ ಡೌನ್‌ಲೋಡ್‌ಗಳ ಕತೆ ಬೇರೆ. ಕೆಲವು ಆ್ಯಪ್‌ಗಳು ಅವನ್ನು ಕಾರ್ಡ್‌ನಲ್ಲಿ ಉಳಿಸಲು ಬಿಡುತ್ತವೆ. ಆದರೆ ಅವು ಬೀಗ ಹಾಕಿದ ಫೈಲುಗಳು. ಆ ಆ್ಯಪ್‌ನಲ್ಲಿ ಮಾತ್ರ, ಚಂದಾ ಇರುವವರೆಗೆ ಮಾತ್ರ ತೆರೆಯುತ್ತವೆ. ಕಾರ್ಡನ್ನು ಇನ್ನೊಂದು ಫೋನ್‌ಗೆ ಹಾಕಿದರೆ ಅವು ಓಡುವುದಿಲ್ಲ.

ಹಾಗಾಗಿ ಕೊಳ್ಳುವ ಮುನ್ನ ಹಳೆಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ವಿಭಾಗವನ್ನು ತೆರೆದು ನೋಡಿ. ಹೆಚ್ಚು ಜಾಗ ಹಿಡಿದಿರುವುದು ನೀವೇ ತೆಗೆದ ವಿಡಿಯೊ, ನೀವೇ ಕೂಡಿಟ್ಟ ಹಾಡುಗಳಾದರೆ ಸ್ಲಾಟ್ ಇರುವ ಫೋನ್ ಹುಡುಕಿ. ಆ್ಯಪ್, ಗೇಮ್, ವಾಟ್ಸ್‌ಆ್ಯಪ್ ಆದರೆ ಆ ಹಣವನ್ನು ಹೆಚ್ಚು ಒಳಸಂಗ್ರಹ ಇರುವ ಫೋನ್‌ಗೇ ಹಾಕುವುದು ಮೇಲು.

ಸ್ಲಾಟ್ ಇದೆ ಎಂದರೆ ಸಾಕೇ?

ಇನ್ನೊಂದು ಪ್ರಶ್ನೆ ಕೇಳಬೇಕು. ಕೆಲವು ಫೋನ್‌ಗಳಲ್ಲಿ ಎರಡು ಸಿಮ್, ಒಂದು ಕಾರ್ಡ್ ಎಂದು ಮೂರು ಜಾಗಗಳಿರುತ್ತವೆ. ಇನ್ನು ಕೆಲವಲ್ಲಿ ಎರಡನೇ ಸಿಮ್ ಮತ್ತು ಕಾರ್ಡ್‌ಗೆ ಒಂದೇ ಜಾಗ. ಇದನ್ನು ಹೈಬ್ರಿಡ್ ಸ್ಲಾಟ್ ಎನ್ನುತ್ತಾರೆ. ಎರಡು ಸಿಮ್ ಬಳಸುವವರು ಇಂಥ ಫೋನ್ ಕೊಂಡರೆ ಕಾರ್ಡ್ ಹಾಕಲು ಆಗುವುದೇ ಇಲ್ಲ. ಸಿಮ್ ಟ್ರೇ ಹೊರಗೆಳೆದು ನೋಡಿದರೆ ಇದು ತಿಳಿದುಬಿಡುತ್ತದೆ. ಐಫೋನ್‌ನಲ್ಲಿ ಕಾರ್ಡ್ ಸ್ಲಾಟ್ ಎಂದೂ ಇರಲಿಲ್ಲ. ಸ್ಯಾಮ್‌ಸಂಗ್ ತನ್ನ ದುಬಾರಿ ಎಸ್ ಸರಣಿಯಿಂದ 2021ರಲ್ಲಿ ಅದನ್ನು ತೆಗೆದುಹಾಕಿತು. ಈಗ ಸ್ಲಾಟ್ ಹೆಚ್ಚಾಗಿ ಸಿಗುವುದು ಕಡಿಮೆ ಮತ್ತು ಮಧ್ಯಮ ಬೆಲೆಯ ಫೋನ್‌ಗಳಲ್ಲಿ.

ಕಾರ್ಡ್ ಕೊಳ್ಳುವಾಗ ನಕಲಿಯ ಬಗ್ಗೆಯೂ ಎಚ್ಚರ ಬೇಕು. ನಕಲಿ ಕಾರ್ಡ್‌ನೊಳಗೆ 16 ಜಿಬಿ ಮಾತ್ರ ಇದ್ದು, ಫೋನ್‌ಗೆ 512 ಎಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಮೊದಲ 16 ಜಿಬಿ ಸರಿಯಾಗಿಯೇ ಸೇರುತ್ತದೆ. ಆಮೇಲೆ ಹಾಕಿದ್ದು ಹಳೆಯದರ ಮೇಲೆ ಬೀಳುತ್ತದೆ ಅಥವಾ ಕಳೆದುಹೋಗುತ್ತದೆ. ಫೈಲಿನ ಹೆಸರು ಕಾಣಿಸಿದರೂ ವಿಡಿಯೊ ತೆರೆಯುವುದಿಲ್ಲ. ವಿಂಡೋಸ್ ಕಂಪ್ಯೂಟರ್‌ನಲ್ಲಿ H2testw ಎಂಬ ಉಚಿತ ತಂತ್ರಾಂಶ ಇಡೀ ಕಾರ್ಡನ್ನು ತುಂಬಿ, ಮತ್ತೆ ಓದಿ ನಿಜ ಹೇಳುತ್ತದೆ. ಕಾರ್ಡ್ ಖಾಲಿಯಿರುವಾಗಲೇ, ವಾಪಸು ಕೊಡಲು ಅವಕಾಶವಿರುವ ದಿನಗಳಲ್ಲೇ ಇದನ್ನು ಮಾಡಿ ಮುಗಿಸಿ.

ಕೊನೆಯದಾಗಿ, ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಟ್ ಮಾಡದಿದ್ದರೆ ಕಾರ್ಡ್‌ನಲ್ಲಿರುವುದನ್ನು ಯಾರು ಬೇಕಾದರೂ ಓದಬಹುದು. ಫೋನಿನ ಪರದೆ ಒಡೆದರೆ ಇದು ವರ. ಕಾರ್ಡ್ ತೆಗೆದು ಇನ್ನೊಂದಕ್ಕೆ ಹಾಕಿದರೆ ವಿಡಿಯೊಗಳು ಸಿಗುತ್ತವೆ. ಫೋನ್ ಕಳವಾದರೆ ಇದೇ ಶಾಪ. ಬ್ಯಾಂಕ್ ಪಾಸ್‌ಬುಕ್, ಆಧಾರ್ ಚಿತ್ರಗಳನ್ನು ಕಾರ್ಡ್‌ನಲ್ಲಿ ಇಡಬೇಡಿ. ಕಾರ್ಡ್ ಯಾವ ಮುನ್ಸೂಚನೆಯೂ ಇಲ್ಲದೆ ಕೆಡಬಹುದು. ಸಿನಿಮಾ ಹೋದರೆ ಮತ್ತೆ ತರಬಹುದು, ಮಗಳ ಮೊದಲ ನೃತ್ಯವನ್ನು ತರಲಾಗದು. ಅಂಥದ್ದರ ಇನ್ನೊಂದು ಪ್ರತಿ ಕಂಪ್ಯೂಟರ್‌ನಲ್ಲೋ ಹಾರ್ಡ್ ಡಿಸ್ಕ್‌ನಲ್ಲೋ ಇರಲೇಬೇಕು.