ಪತ್ರವನ್ನು ಓದಿ ಹೇಳಬೇಕಾದವರು ಯಾರು?

ಕುಳಗಿ, ದಾಂಡೇಲಿ, ಜೋಯಿಡಾ ಸುತ್ತಿನ ರೆಸಾರ್ಟ್ ಮಾಲೀಕರ ಬಾಯಲ್ಲಿ ಆಡಿಟ್ ಮುಗಿದ ಮೇಲೆ ಒಂದು ಮಾತು ಬರುತ್ತದೆ: ‘ಆಡಿಟರ್ ಇಂಗ್ಲಿಷಿನಲ್ಲಿ ಏನೋ ಪತ್ರ ಕೊಟ್ಟಿದ್ದಾರೆ. ನಮ್ಮ ಮ್ಯಾನೇಜರ್ ಓದಿ ಹೇಳಿದ, ದೊಡ್ಡದೇನೂ ಇಲ್ಲವಂತೆ.’ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಆ ಪತ್ರದ ಮೊದಲ ಕಲಂ ಬಹಳ ಸಲ ಆ ಮ್ಯಾನೇಜರ್ ಕೈಯಲ್ಲಿರುವ ಅಧಿಕಾರದ ಬಗ್ಗೆಯೇ ಇರುತ್ತದೆ. ಯಾರ ಕೆಲಸದ ಮೇಲೆ ಇನ್ನೊಬ್ಬರ ಕಣ್ಣು ಬೇಕೆಂದು ಪತ್ರ ಹೇಳುತ್ತದೆಯೋ, ಮಾಲೀಕರಿಗೆ ಅದರ ಅರ್ಥ ಹೇಳುವವರೂ ಅವರೇ. ಆದ್ದರಿಂದ ಪತ್ರವನ್ನು ಕನ್ನಡದಲ್ಲಿ ತಿಳಿಸುವುದು ಆಡಿಟರ್ ಮಾಡುವ ಉಪಕಾರವಲ್ಲ, ಅದು ಆಂತರಿಕ ನಿಯಂತ್ರಣದ ಮೊದಲ ಕೆಲಸ ಎಂಬುದು ನನ್ನ ವಾದ.

ಭಾರತದ ಲೆಕ್ಕ ಪರಿಶೋಧನಾ ಮಾನದಂಡಗಳಲ್ಲಿ 265ನೆಯದು ಈ ವಿಷಯಕ್ಕೇ ಮೀಸಲಾಗಿದೆ. ನಿಯಂತ್ರಣದಲ್ಲಿ ಗಂಭೀರ ಕೊರತೆ ಕಂಡರೆ ಆಡಿಟರ್ ಅದನ್ನು ಲಿಖಿತವಾಗಿ ತಿಳಿಸಬೇಕು. ಕೊರತೆ ಏನೆಂದು ಹೇಳಿದರೆ ಸಾಲದು, ಅದರಿಂದ ಏನಾಗಬಹುದು ಎಂದೂ ವಿವರಿಸಬೇಕು. ಕೊರತೆಯ ಹೆಸರು ಎಲ್ಲ ಪತ್ರಗಳಲ್ಲೂ ಇರುತ್ತದೆ. ಏನಾಗಬಹುದು ಎಂಬ ಭಾಗ ಮಾತ್ರ ‘ತಪ್ಪು ಅಥವಾ ವಂಚನೆ ಸಂಭವಿಸಬಹುದು’ ಎಂಬ ಒಂದೇ ಸಾಲಿಗೆ ಇಳಿದಿರುತ್ತದೆ. ಮಾಲೀಕರಿಗೆ ಬೇಕಾದದ್ದು ಆ ಭಾಗವೇ.

ಒಂದು ಕಲಂ ಬಿಡಿಸಿ ನೋಡೋಣ. ‘ವಸೂಲಿಯ ಕೆಲಸಗಳು ಬೇರೆ ಬೇರೆ ಕೈಗಳಲ್ಲಿ ಇಲ್ಲ.’ ಹದಿನಾರು ಕೋಣೆಗಳ ರೆಸಾರ್ಟ್ ಎಂದು ಇಟ್ಟುಕೊಳ್ಳೋಣ. ಬುಕಿಂಗ್ ಪಡೆಯುವುದು, ಬಿಲ್ ಮಾಡುವುದು, ನಗದು ತೆಗೆದುಕೊಳ್ಳುವುದು, ದಾಂಡೇಲಿಗೆ ಹೋಗಿ ಬ್ಯಾಂಕಿಗೆ ಕಟ್ಟುವುದು, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು ಎಲ್ಲವನ್ನೂ ಒಬ್ಬರೇ ಮಾಡುತ್ತಾರೆ. ಶನಿವಾರ ತಂಗಿದ ಕುಟುಂಬ 18,000 ರೂಪಾಯಿ ನಗದು ಕೊಟ್ಟು ಹೋಯಿತು. ಆ ಹಣ ಜೇಬಿಗೆ ಹೋಯಿತು, ಪುಸ್ತಕದಲ್ಲಿ ಕುಟುಂಬದ ಹೆಸರಿಗೆ ಬಾಕಿ ನಿಂತಿತು. ಮಂಗಳವಾರ ಟ್ರಾವೆಲ್ ಏಜೆಂಟ್ ಒಬ್ಬರಿಂದ 20,000 ರೂಪಾಯಿ ಬ್ಯಾಂಕಿಗೆ ಬಂತು. ಅದರಲ್ಲಿ 18,000 ಕುಟುಂಬದ ಖಾತೆಗೆ ಜಮಾ, 2,000 ಮಾತ್ರ ಏಜೆಂಟರ ಖಾತೆಗೆ. ಈಗ ಬಾಕಿದಾರರು ಏಜೆಂಟ್. ಅವರ ಬಾಕಿ ತೀರಿಸಲು ಮುಂದಿನ ವಾರ ಮತ್ತೊಬ್ಬರ ಹಣ ಬೇಕು.

ಇಲ್ಲಿ ಮಾಲೀಕರು ಚೆನ್ನಾಗಿ ಗಮನಿಸಬೇಕಾದ ಸಂಗತಿ, ಬ್ಯಾಂಕ್ ತಾಳೆ ಪಟ್ಟಿ ಸರಿಯಾಗಿಯೇ ಬರುತ್ತದೆ. ಬ್ಯಾಂಕಿಗೆ ಬಂದದ್ದು 20,000, ಪುಸ್ತಕದಲ್ಲೂ 20,000. ಮೊತ್ತ ಸರಿ, ಹೆಸರು ತಪ್ಪು. ‘ಬ್ಯಾಂಕ್ ಟ್ಯಾಲಿ ಆಗಿದೆ ಸರ್’ ಎಂಬ ಮಾತು ಈ ರೋಗಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಸುಳಿವು ಸಿಗುವುದು ಬೇರೆ ಕಡೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಳಿಸಿದವರ ಹೆಸರು ಇರುತ್ತದೆ, ಅದನ್ನು ಪುಸ್ತಕದಲ್ಲಿ ಜಮಾ ಆದ ಹೆಸರಿನ ಪಕ್ಕ ಇಟ್ಟು ನೋಡಬೇಕು. ಬಾಕಿ ಪಟ್ಟಿಯಿಂದ ಇಬ್ಬರು ಮೂವರಿಗೆ ಮಾಲೀಕರೇ ಫೋನ್ ಮಾಡಬೇಕು. ‘ಹೋದ ಮಂಗಳವಾರವೇ ಹಾಕಿದ್ದೇನಲ್ಲ’ ಎಂಬ ಉತ್ತರ ಬಂದರೆ ಎಳೆ ಸಿಕ್ಕಿತು. ವರ್ಷಗಟ್ಟಲೆ ಒಂದು ದಿನವೂ ರಜೆ ಹಾಕದ ನೌಕರರ ನಿಷ್ಠೆಯನ್ನು ಹೊಗಳುವ ಮೊದಲು, ಒಂದು ವಾರ ಅವರ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಬೇಕು. ಒಬ್ಬರ ಹಣದಿಂದ ಇನ್ನೊಬ್ಬರ ಬಾಕಿ ಮುಚ್ಚುವ ಆಟವನ್ನು ದಿನದಿನವೂ ಕೂತು ಆಡಬೇಕು, ಕೈ ತಪ್ಪಿದರೆ ಅದು ಬಯಲಾಗುತ್ತದೆ.

ಅದೇ ಕಲಮಿನೊಳಗೆ ಇನ್ನೊಂದು ರಂಧ್ರವಿದೆ. ಬಿಲ್ಲನ್ನೇ ಮಾಡದೆ ಅತಿಥಿಯನ್ನು ಇಳಿಸಿಕೊಳ್ಳುವುದು. ಆಗ ಬಾಕಿ ಪಟ್ಟಿಯಲ್ಲಿ ಹೆಸರಿಲ್ಲ, ಬ್ಯಾಂಕಿನಲ್ಲಿ ಗುರುತಿಲ್ಲ, ಯಾರಿಗೆ ಫೋನ್ ಮಾಡುವುದು? ಇದಕ್ಕೆ ನಾನು ಕಂಡ ಅತ್ಯುತ್ತಮ ಸಾಕ್ಷಿ ಲಾಂಡ್ರಿಯ ಬಿಲ್. ಬೆಡ್‌ಶೀಟ್ ಲೆಕ್ಕ ಇಡುವ ಲಾಂಡ್ರಿಯವರಿಗೂ ಕೌಂಟರಿನ ರಿಜಿಸ್ಟರಿಗೂ ಸಂಬಂಧವಿಲ್ಲ. ತಮ್ಮ ಹಣ ಬರಬೇಕೆಂದು ಅವರು ತಮ್ಮ ಎಣಿಕೆಯನ್ನು ಕರಾರುವಾಕ್ಕಾಗಿ ಇಡುತ್ತಾರೆ. ಆದರೆ ಶೀಟ್ ಬದಲಾಗುವುದು ಅತಿಥಿ ಖಾಲಿ ಮಾಡಿದಾಗ, ಪ್ರತಿ ರಾತ್ರಿ ಅಲ್ಲ. ಆದ್ದರಿಂದ ಹೋಲಿಸಬೇಕಾದದ್ದು ಚೆಕ್‌ಔಟ್‌ಗಳ ಸಂಖ್ಯೆಯನ್ನು, ರಾತ್ರಿಗಳನ್ನಲ್ಲ. ಉದಾಹರಣೆಗೆ ಡಿಸೆಂಬರಿನಲ್ಲಿ ರಿಜಿಸ್ಟರಿನ ಪ್ರಕಾರ 150 ಚೆಕ್‌ಔಟ್, ಲಾಂಡ್ರಿಗೆ ಹೋದದ್ದು 210 ಸೆಟ್. 60 ಸೆಟ್ ಹೆಚ್ಚು ಎಂದ ಕೂಡಲೇ ಕಳ್ಳತನ ಎನ್ನುವುದು ಅನ್ಯಾಯ. ಹೆಚ್ಚುವರಿ ಹಾಸಿಗೆ ಇರಬಹುದು, ಕಲೆಯಾಗಿರಬಹುದು, ಮಳೆಗಾಲವಾದರೆ ಈ ಕಾಡಿನ ತೇವಕ್ಕೆ ಯಾರೂ ಮಲಗದ ಶೀಟನ್ನೂ ಒಗೆಸಬೇಕಾಗುತ್ತದೆ. ಹಾಗಾಗಿ ಒಂದು ತಿಂಗಳಲ್ಲ, ವರ್ಷದ ಎಲ್ಲ ತಿಂಗಳುಗಳ ಅನುಪಾತ ಬರೆದಿಡಬೇಕು. ಉಳಿದ ತಿಂಗಳುಗಳಲ್ಲಿ ನೂರು ಚೆಕ್‌ಔಟಿಗೆ 110 ಸೆಟ್ ಇದ್ದದ್ದು ಜನ ತುಂಬುವ ಡಿಸೆಂಬರಿನಲ್ಲಿ 140ಕ್ಕೆ ಏರಿದರೆ ಆಗ ಕೇಳಬೇಕು. ಬಿಲ್ಲಾಗದ ಕೋಣೆಗೆ ಜಿಎಸ್‌ಟಿಯೂ ಕಟ್ಟಿರುವುದಿಲ್ಲ. ಅದು ಇಲಾಖೆಯ ಕಣ್ಣಿಗೆ ಬಿದ್ದರೆ ನೋಟಿಸ್ ಬರುವುದು ಕಂಪನಿಗೇ, ಮ್ಯಾನೇಜರಿಗಲ್ಲ.

ಇದಕ್ಕೆ ಎದುರಾಗಿ ಒಂದು ಗಟ್ಟಿಯಾದ ವಾದವಿದೆ. ಎಂಟು ಹತ್ತು ಜನರಿರುವ ಸಂಸ್ಥೆಯಲ್ಲಿ ಐದು ಕೆಲಸಕ್ಕೆ ಐದು ಜನರನ್ನು ಎಲ್ಲಿಂದ ತರುವುದು? ಲೆಕ್ಕ ಬಲ್ಲವರು ಕಾಡಿನ ನಡುವೆ ಬಂದು ನಿಲ್ಲುವುದಿಲ್ಲ, ಬಂದರೂ ಆ ಸಂಬಳವನ್ನು ಮಳೆಗಾಲದ ಖಾಲಿ ಕೋಣೆಗಳು ದುಡಿದು ಕೊಡುವುದಿಲ್ಲ. ಇದು ನಿಜ, ಮಾನದಂಡವೂ ಇದನ್ನು ಒಪ್ಪುತ್ತದೆ. ಸಣ್ಣ ಸಂಸ್ಥೆಯಲ್ಲಿ ಕೆಲಸ ಹಂಚುವುದು ಕಷ್ಟ, ಆದರೆ ಮಾಲೀಕರ ನೇರ ನಿಗಾ ಆ ಕೊರತೆಯನ್ನು ತುಂಬಬಲ್ಲದು ಎಂದು ಅದರಲ್ಲೇ ಇದೆ. ಹಾಗಾದರೆ ನಿಗಾ ಇಡಬೇಕಾದವರಿಗೆ ಎಲ್ಲಿ ನೋಡಬೇಕೆಂದು ಗೊತ್ತಿರಬೇಡವೇ? ಹೊಸಬರನ್ನು ನೇಮಿಸಲಾಗದ ಕಂಪನಿಗೇ ಕನ್ನಡದ ವಿವರಣೆ ಹೆಚ್ಚು ಬೇಕು. ಮೇಲೆ ಹೇಳಿದ ಹೆಸರು ನೋಡುವುದು, ಫೋನ್ ಮಾಡುವುದು, ಲಾಂಡ್ರಿ ಬಿಲ್ ಹೋಲಿಸುವುದು, ಇವಕ್ಕೆ ತಿಂಗಳಿಗೆ ಅರ್ಧ ದಿನ ಸಾಕು. ಕೌಂಟರಿನ ಮೇಲಿನ ಕ್ಯೂಆರ್ ಚೀಟಿಯನ್ನು ಮಾಲೀಕರೇ ಆಗಾಗ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತದೆಂದು ನೋಡಲು ಅಷ್ಟೂ ಬೇಡ.

‘ನಮ್ಮ ಹುಡುಗ ಅಂಥವನಲ್ಲ’ ಎನ್ನುವವರಿಗೆ ಹೇಳುವುದಿಷ್ಟೆ: ಹಣ ಕಡಿಮೆ ಬಿದ್ದ ದಿನ ತಾನು ತೆಗೆದಿಲ್ಲವೆಂದು ತೋರಿಸಲು ಆ ಹುಡುಗನ ಬಳಿ ಯಾವ ದಾಖಲೆಯೂ ಇರುವುದಿಲ್ಲ.

ಕೆಲವು ಆಡಿಟರುಗಳ ಅಂಜಿಕೆಯನ್ನೂ ನಾನು ಗೌರವಿಸುತ್ತೇನೆ. ಕನ್ನಡದಲ್ಲಿ ಹೇಳಿದ್ದಕ್ಕೂ ಸಹಿ ಹಾಕಿದ ಇಂಗ್ಲಿಷ್ ಪತ್ರಕ್ಕೂ ವ್ಯತ್ಯಾಸ ಬಂದರೆ ನಾಳೆ ಯಾವುದು ಪ್ರಮಾಣ? ಪತ್ರವೇ ಪ್ರಮಾಣವಾಗಿರಲಿ. ಆದರೆ ನಿರ್ದೇಶಕರೊಂದಿಗೆ ಕುಳಿತು ಒಂದೊಂದು ಕಲಮನ್ನೂ ಅವರದೇ ಬಿಲ್ ಪುಸ್ತಕ ಬಿಚ್ಚಿಟ್ಟು ತಿಳಿಸಬೇಕು, ಆ ಸಭೆಯಲ್ಲಿ ಮ್ಯಾನೇಜರ್ ಇರಬಾರದು, ನಡೆದ ಮಾತನ್ನು ನಡಾವಳಿಯಲ್ಲಿ ಬರೆಯಬೇಕು. ಪತ್ರದಲ್ಲಿ ಬರೆದದ್ದು ಆಡಿಟಿನ ವೇಳೆ ಕಣ್ಣಿಗೆ ಬಿದ್ದ ಕೊರತೆಗಳು ಮಾತ್ರ, ಬರೆಯದಿದ್ದದ್ದೆಲ್ಲ ಸರಿ ಇದೆ ಎಂದಲ್ಲ ಎಂಬುದನ್ನೂ ಆಗಲೇ ಹೇಳಬೇಕು. 2017ರ ಜೂನ್ ಅಧಿಸೂಚನೆಯ ಪ್ರಕಾರ ಸಣ್ಣ ಕಂಪನಿಗಳ ಆಡಿಟ್ ವರದಿಯಲ್ಲಿ ಆಂತರಿಕ ಹಣಕಾಸು ನಿಯಂತ್ರಣದ ಬಗ್ಗೆ ಪ್ರತ್ಯೇಕ ಅಭಿಪ್ರಾಯ ಕೊಡಬೇಕಾಗಿಲ್ಲ. ಹಾಗಾಗಿ ಇಂಥ ರೆಸಾರ್ಟಿನ ಮಾಲೀಕರಿಗೆ ಈ ವಿಷಯ ತಿಳಿಯುವ ದಾರಿ ಹೆಚ್ಚುಕಡಿಮೆ ಈ ಪತ್ರವೊಂದೇ.

ಪತ್ರದ ಕೊನೆಯಲ್ಲಿ ಆಡಳಿತದ ಉತ್ತರಕ್ಕೆಂದು ಜಾಗ ಬಿಟ್ಟಿರುತ್ತದೆ. ಅಲ್ಲಿ ‘ಗಮನಿಸಲಾಗಿದೆ’ ಎಂದು ಬರೆದು ಕೊಡುವುದೂ ಸಾಮಾನ್ಯವಾಗಿ ಅದೇ ಮ್ಯಾನೇಜರ್. ಆ ಉತ್ತರವನ್ನು ಮಾಲೀಕರು ಕನ್ನಡದಲ್ಲೇ ಬರೆಯಲಿ: ಯಾರು, ಯಾವ ದಿನದಿಂದ, ಯಾವ ಕಾಗದ ನೋಡುತ್ತಾರೆ ಎಂದು. ಆ ನೋಡುವ ಕೆಲಸವನ್ನು ಆಡಿಟರ್ ಮಾಡಿಕೊಡಲಾರರು. 2013ರ ಕಂಪನಿ ಕಾಯಿದೆಯ 144ನೇ ಕಲಂ ಲೆಕ್ಕ ಬರೆಯುವುದನ್ನೂ ಆಂತರಿಕ ಆಡಿಟನ್ನೂ ಅವರಿಗೆ ನಿಷೇಧಿಸಿದೆ. ತಿಳಿಸಿ ಹೇಳುವುದನ್ನು ನಿಷೇಧಿಸಿಲ್ಲ.